ಹಳೆಯ ಪಟ್ಟಿ ಹಿಡಿದು ಬಂದ ಲೈನ್‌ಮನ್

ಬೆಳಿಗ್ಗೆ ಕರೆಂಟ್ ಬಿಲ್ ಕಟ್ಟಿ ಬಂದಿರುತ್ತೀರಿ. ಮಧ್ಯಾಹ್ನ ಲೈನ್‌ಮನ್ ಬಂದು ಫ್ಯೂಸ್ ಕಿತ್ತುಕೊಂಡು ಹೋಗುತ್ತಾರೆ. ಅವರ ಕೈಯಲ್ಲಿರುವುದು ನಿನ್ನೆ ಸಂಜೆ ಅಚ್ಚಾದ ಬಾಕಿದಾರರ ಪಟ್ಟಿ. ಕೌಂಟರಿನಲ್ಲಿ ದುಡ್ಡು ಜಮೆಯಾಗಿದೆ, ಪಟ್ಟಿಗೆ ಅದು ಗೊತ್ತಿಲ್ಲ. ದುಡ್ಡಿನ ಲೆಕ್ಕ ಒಂದು ಕಡೆ, ಫ್ಯೂಸು ಇನ್ನೊಂದು ಕಡೆ ಇದ್ದಾಗ ಹೀಗಾಗುತ್ತದೆ.

ತಿಂಗಳ ಚಂದಾಕ್ಕೆ ಮಾರುವ ಸಾಫ್ಟ್‌ವೇರ್‌ಗಳ ಒಳಗೂ ಇದೇ ಏರ್ಪಾಡು. ಗ್ರಾಹಕರ ಕಾರ್ಡಿನಿಂದ ಹಣ ಎಳೆಯುವುದು ಸ್ಟ್ರೈಪ್‌ನಂಥ ಪಾವತಿ ಸಂಸ್ಥೆ. ಗ್ರಾಹಕರ ಕಂಪ್ಯೂಟರಿನಲ್ಲಿ ತಂತ್ರಾಂಶ ತೆರೆಯಬೇಕೋ ಬೇಡವೋ ಎಂದು ಹೇಳುವುದು ತಯಾರಕರ ಲೈಸೆನ್ಸ್ ಸರ್ವರ್. ಇವೆರಡರ ನಡುವೆ ಓಡಾಡುವ ಓಲೆಗೆ ವೆಬ್‌ಹುಕ್ ಎಂದು ಹೆಸರು. ಏನಾದರೂ ಬದಲಾದಾಗಲೆಲ್ಲ ಸ್ಟ್ರೈಪ್ ತಯಾರಕರ ಸರ್ವರಿಗೆ ಒಂದು ಓಲೆ ಕಳಿಸುತ್ತದೆ: ಹಣ ಬಂದರೆ `invoice.paid`, ಬರದಿದ್ದರೆ `invoice.payment_failed`.

ಓಲೆ ಬಂದಂತೆ ಫ್ಯೂಸ್ ಹಾಕುವುದು, ಕೀಳುವುದು. ಹೊಸಬರು ಬರೆಯುವ ಮೊದಲ ಪ್ರೋಗ್ರಾಮ್ ಸಾಮಾನ್ಯವಾಗಿ ಇಷ್ಟೇ ಮಾಡುತ್ತದೆ. ತೊಂದರೆ ಏನೆಂದರೆ, ಓಲೆಗಳು ಬರೆದ ಕ್ರಮದಲ್ಲೇ ತಲುಪುತ್ತವೆ ಎಂಬ ಭರವಸೆಯನ್ನು ಸ್ಟ್ರೈಪ್ ಕೊಡುವುದಿಲ್ಲ. ಒಂದೇ ಓಲೆ ಎರಡು ಸಲ ಬರಬಹುದು ಎಂದೂ ಮೊದಲೇ ಹೇಳಿಬಿಟ್ಟಿದೆ. ನಮ್ಮ ಸರ್ವರ್ ಮಲಗಿದ್ದರೆ ಮೂರು ದಿನಗಳವರೆಗೆ, ಬಿಡುವು ಹೆಚ್ಚಿಸುತ್ತ ಹೆಚ್ಚಿಸುತ್ತ, ಮತ್ತೆ ಮತ್ತೆ ಬಾಗಿಲು ತಟ್ಟುತ್ತದೆ.

ಒಂದು ಚಂದಾವನ್ನು ಹಿಂಬಾಲಿಸಿ ನೋಡೋಣ. ಉದಾಹರಣೆ ಕಲ್ಪಿತ, ನಡೆಯುವ ಕ್ರಮ ಮಾತ್ರ ನಿಜದ್ದೇ. ಗ್ರಾಹಕರೊಬ್ಬರು ಮಾರ್ಚ್ 10ರವರೆಗೆ ಹಣ ಕಟ್ಟಿದ್ದಾರೆ. ಈ ನಡುವೆ ಬ್ಯಾಂಕು ಅವರಿಗೆ ಹೊಸ ಕಾರ್ಡ್ ಕೊಟ್ಟಿದೆ; ಸ್ಟ್ರೈಪ್ ಬಳಿ ಇರುವುದು ಹಳೆಯದು. 10ರ ಬೆಳಿಗ್ಗೆ 9 ಗಂಟೆಗೆ ಚಂದಾ ನವೀಕರಣಗೊಳ್ಳುತ್ತದೆ. ಆದರೆ ಹಣವನ್ನು ಆ ಕ್ಷಣಕ್ಕೇ ಎಳೆಯುವುದಿಲ್ಲ. ಹೊಸ ಬಿಲ್ಲು ಸುಮಾರು ಒಂದು ಗಂಟೆ ಕರಡಾಗಿಯೇ ಇರುತ್ತದೆ. ಆಮೇಲೆ ಕಾರ್ಡಿಗೆ ಕೈ ಹಾಕಿದಾಗ ಬ್ಯಾಂಕು ಇಲ್ಲ ಅನ್ನುತ್ತದೆ. ಚಂದಾದ ಸ್ಥಿತಿ `active` ಇದ್ದದ್ದು `past_due` ಆಗುತ್ತದೆ, ಸೋಲಿನ ಓಲೆ ಹೊರಡುತ್ತದೆ. ಅದೇ ಹೊತ್ತಿಗೆ ತಯಾರಕರ ಸರ್ವರ್ ಕೆಟ್ಟು ಕೂತಿದೆ. 12ರಂದು ಗ್ರಾಹಕರು ಹೊಸ ಕಾರ್ಡಿನ ವಿವರ ತುಂಬುತ್ತಾರೆ, ಹಣ ಸಂದಾಯವಾಗುತ್ತದೆ. ಅಷ್ಟರಲ್ಲಿ ಸರ್ವರ್ ಎದ್ದಿದೆ. `invoice.paid` ಓಲೆ ಕೂಡಲೇ ತಲುಪುತ್ತದೆ. ಎರಡು ದಿನದಿಂದ ಬಾಗಿಲು ತಟ್ಟುತ್ತಿದ್ದ ಸೋಲಿನ ಓಲೆ ಅದರ ಬೆನ್ನಿಗೇ ಒಳಗೆ ಬರುತ್ತದೆ. ಹೊಸಬರ ಪ್ರೋಗ್ರಾಮ್ ಫ್ಯೂಸ್ ಕೀಳುತ್ತದೆ.

ಇದಕ್ಕೆ ಮದ್ದು ಸರಳ: ಓಲೆಯಲ್ಲಿ ಬರೆದದ್ದನ್ನು ನಂಬಬಾರದು. ಅದನ್ನು ಬಾಗಿಲು ತಟ್ಟಿದ ಸದ್ದು ಎಂದಷ್ಟೇ ತಿಳಿಯಬೇಕು. ಸಹಿ ಪರೀಕ್ಷಿಸಿ, ಓಲೆ ನಿಜವಾಗಿಯೂ ಸ್ಟ್ರೈಪ್‌ನದೇ ಎಂದು ಖಾತ್ರಿಯಾದ ಮೇಲೆ, ಅದು ಯಾವ ಚಂದಾಕ್ಕೆ ಸೇರಿದ್ದು ಎಂಬುದನ್ನು ಮಾತ್ರ ಓದಿಕೊಂಡು, ಆ ಚಂದಾದ ಇವತ್ತಿನ ಸ್ಥಿತಿಯನ್ನು ಸ್ಟ್ರೈಪ್‌ನಿಂದಲೇ ಹೊಸದಾಗಿ ಕೇಳಿ ತರಬೇಕು. ಆಗ ಹಳೆಯ ಓಲೆ ಬಂದರೂ ಸಿಗುವುದು ಹೊಸ ಉತ್ತರ. ಎರಡು ಸಲ ಬಂದರೂ ಅದೇ ಉತ್ತರ. ಒಂದು ಎಚ್ಚರಿಕೆ ಸಾಕು: ಒಂದೇ ಚಂದಾದ ಎರಡು ಓಲೆಗಳು ಒಟ್ಟಿಗೆ ಬಂದರೆ ಒಂದರ ಕೆಲಸ ಮುಗಿಯುವವರೆಗೆ ಇನ್ನೊಂದನ್ನು ಸಾಲಿನಲ್ಲಿ ನಿಲ್ಲಿಸಬೇಕು. ಇಲ್ಲವಾದರೆ ಮೊದಲು ಕೇಳಿ ತಡವಾಗಿ ಬರೆದವನ ಹಳೆಯ ಉತ್ತರವೇ ಸರ್ವರಿನ ಲೆಕ್ಕದ ಪುಸ್ತಕದಲ್ಲಿ ಉಳಿದುಬಿಡುತ್ತದೆ.

ಇನ್ನು ಪುಸ್ತಕದಲ್ಲಿ ಏನು ಬರೆಯಬೇಕು? ಹೌದು, ಇಲ್ಲ ಎಂದು ಬರೆದರೆ ಸಾಲದು, ತಾರೀಖು ಬೇಕು. ಯಾವ ತಾರೀಖು ಎಂಬಲ್ಲಿ ಅನುಭವಸ್ಥರೂ ಎಡವುತ್ತಾರೆ. ಸ್ಟ್ರೈಪ್‌ನ ಚಂದಾದ ಐಟಂನಲ್ಲಿ `current_period_end` ಎಂಬ ತಾರೀಖಿದೆ. ಹಣ ಎಲ್ಲಿಯವರೆಗೆ ಸಂದಿದೆ ಎಂಬುದನ್ನು ಅದು ಹೇಳುತ್ತದೆ ಅನ್ನಿಸುತ್ತದೆ. ಹೇಳುವುದಿಲ್ಲ. ನಮ್ಮ ಉದಾಹರಣೆಯಲ್ಲಿ 10ರ ಬೆಳಿಗ್ಗೆ, ಕಾರ್ಡನ್ನು ಮುಟ್ಟುವ ಮೊದಲೇ, ಅದು ಏಪ್ರಿಲ್ 10ಕ್ಕೆ ಜಿಗಿದಿರುತ್ತದೆ. ಅದನ್ನು ನಂಬಿದರೆ ಕಾರ್ಡ್ ಕೆಟ್ಟ ಪ್ರತಿಯೊಬ್ಬರಿಗೂ ಒಂದು ತಿಂಗಳು ಪುಕ್ಕಟೆ. ನೋಡಬೇಕಾದದ್ದು ಕೊನೆಯದಾಗಿ ಪಾವತಿಯಾದ ಬಿಲ್ಲನ್ನು. ಅದರಲ್ಲೂ ಬಿಲ್ಲಿನ ತಲೆಯ ಮೇಲಿರುವ `period_end` ಬೇಡ, ಅದು ಹಿಂದಿನ ಅವಧಿಯ ಮಾತಾಡುತ್ತದೆ. ಬಿಲ್ಲಿನ ಒಳಗೆ ಚಂದಾದ ಸಾಲಿನ ಎದುರಿಗೆ ಬರೆದ ಅವಧಿಯೇ ಬೇಕಾದ್ದು. ಅದು ಮುಗಿಯುವ ದಿನವನ್ನು `paid_until` ಎಂದು ಕರೆಯೋಣ.

ಗ್ರೇಸ್ ಅವಧಿಯನ್ನು ಈ ತಾರೀಖಿಗೆ ಕೂಡಿಸಬೇಕು:

```
valid_until = paid_until + timedelta(days=0 if cancelling else 14)
```

14 ದಿನ ಯಾಕೆ? ಸೋತ ಪಾವತಿಯನ್ನು ಸ್ಟ್ರೈಪ್ ತಾನೇ ಮತ್ತೆ ಪ್ರಯತ್ನಿಸುತ್ತದೆ. ಎರಡು ವಾರದಲ್ಲಿ ಎಂಟು ಸಲ ಎಂಬುದು ಅದರ ಶಿಫಾರಸು. ಹಣಕ್ಕಾಗಿ ಇನ್ನೂ ಪ್ರಯತ್ನ ನಡೆದಿರುವಾಗಲೇ ಗ್ರಾಹಕರನ್ನು ಹೊರಗೆ ನಿಲ್ಲಿಸುವುದು ಸರಿಯಲ್ಲ. ಪ್ರಯತ್ನ ನಿಂತ ಮೇಲೂ ಒಳಗೆ ಇರಿಸಿಕೊಳ್ಳುವುದಕ್ಕೆ ಅರ್ಥವಿಲ್ಲ. ತಾವಾಗಿಯೇ ಚಂದಾ ಬೇಡ ಅಂದವರಿಗೆ ಈ ಹೆಚ್ಚುವರಿ ದಿನಗಳು ಬೇಕಿಲ್ಲ, ಅದಕ್ಕೇ ಆ ಸೊನ್ನೆ.

ಈ ಸಾಲಿನಲ್ಲಿ ಕಾಣದ ಒಂದು ಜಾಣತನವಿದೆ. ಲೆಕ್ಕ ಶುರುವಾಗುವುದು `paid_until`ನಿಂದ, ಸೋಲಿನ ಓಲೆ ಬಂದ ದಿನದಿಂದ ಅಲ್ಲ. ಓಲೆಯಿಂದ ಎಣಿಸಿದ್ದಿದ್ದರೆ ಪ್ರತಿ ಮರುಪ್ರಯತ್ನ ಸೋತಾಗಲೂ ಹೊಸ 14 ದಿನ ಸಿಗುತ್ತಿತ್ತು. ಇನ್ನೊಂದು ಲಾಭ, ತಯಾರಕರ ಸರ್ವರೇ ಎರಡು ದಿನ ಕೆಟ್ಟರೂ ಹಣ ಕಟ್ಟಿದವರ ತಂತ್ರಾಂಶ ನಿಲ್ಲುವುದಿಲ್ಲ. ಗ್ರೇಸ್ ಅಂದರೆ ಗ್ರಾಹಕರಿಗೆ ತೋರಿಸುವ ದಾಕ್ಷಿಣ್ಯ ಅಂದುಕೊಳ್ಳುತ್ತಾರೆ; ನನ್ನ ಮಟ್ಟಿಗೆ ಅರ್ಧದಷ್ಟು ಅದು ನಮ್ಮದೇ ಎಡವಟ್ಟಿಗೆ ಕಟ್ಟಿಕೊಂಡ ವಿಮೆ.

ಭಾರತದ ಕಾರ್ಡುಗಳಿದ್ದರೆ ಈ ದಿನಗಳು ಇನ್ನಷ್ಟು ಬೇಕಾಗುತ್ತವೆ. 2021ರ ಅಕ್ಟೋಬರ್ 1ರಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ನಿಯಮದಂತೆ, ತಾನಾಗಿ ಹಣ ಕಡಿತವಾಗುವುದಕ್ಕೆ ಕನಿಷ್ಠ 24 ಗಂಟೆ ಮೊದಲು ಗ್ರಾಹಕರಿಗೆ ಸೂಚನೆ ಹೋಗಬೇಕು. 2022ರ ಜೂನ್‌ನಲ್ಲಿ 15,000 ರೂಪಾಯಿಗೆ ಏರಿಸಿದ ಮಿತಿಯನ್ನು ದಾಟಿದರೆ ಪ್ರತಿ ಸಲ ಅವರೇ ಒಟಿಪಿಯಂಥ ದೃಢೀಕರಣ ಕೊಡಬೇಕು. ಒಂದು ಗಂಟೆಯಲ್ಲಿ ಮುಗಿಯಬೇಕಾದ ನವೀಕರಣ ಒಂದೆರಡು ದಿನ ಎಳೆದರೆ ಅದು ಸೋಲಲ್ಲ.

ಇಷ್ಟೆಲ್ಲ ಮಾಡಿದರೂ ಓಲೆಯೊಂದು ಕಳೆದೇ ಹೋಗಬಹುದು. ಮೂರು ದಿನ ದಾಟಿದ ಮೇಲೆ ಸ್ಟ್ರೈಪ್ ಬಾಗಿಲು ತಟ್ಟುವುದನ್ನು ಬಿಡುತ್ತದೆ. ಹಾಗಾಗಿ ರಾತ್ರಿ ಒಮ್ಮೆ ಎಲ್ಲ ಚಂದಾಗಳನ್ನೂ ಸ್ಟ್ರೈಪ್‌ನಿಂದ ತರಿಸಿ ನಮ್ಮ ಪುಸ್ತಕದ ಜತೆ ತಾಳೆ ನೋಡುವ ಕೆಲಸ ಇರಲೇಬೇಕು. ವ್ಯತ್ಯಾಸ ಕಂಡರೆ ತಿದ್ದಿದರೆ ಸಾಲದು, ಎಷ್ಟು ಕಂಡಿತು ಎಂದು ಎಣಿಸಬೇಕು. ದಿನವೂ ಸೊನ್ನೆ ಇದ್ದದ್ದು ಒಂದು ರಾತ್ರಿ ನಲವತ್ತಾದರೆ ಓಲೆ ಬರುವ ದಾರಿ ಎಲ್ಲೋ ಮುಚ್ಚಿದೆ ಎಂದು, ಗ್ರಾಹಕರ ಫೋನ್ ಬರುವ ಮೊದಲೇ ತಿಳಿಯುತ್ತದೆ.

ಕೊನೆಯ ತೊಡಕು ಗ್ರಾಹಕರ ಲ್ಯಾಪ್‌ಟಾಪಿನಲ್ಲಿ. ಇಂಟರ್ನೆಟ್ ಇಲ್ಲದಾಗಲೂ ತೆರೆಯಲಿ ಎಂದು ತಯಾರಕರು ಸಹಿ ಹಾಕಿದ ಲೈಸೆನ್ಸ್ ಕಡತವನ್ನು ಅಲ್ಲಿ ಇಟ್ಟಿರುತ್ತಾರೆ. ಒಮ್ಮೆ ಕೊಟ್ಟ ಕಡತವನ್ನು ದೂರದಿಂದ ಕಿತ್ತುಕೊಳ್ಳಲಾಗದು. ಅದರ ಮೇಲೆ ವರ್ಷದ ತಾರೀಖು ಬರೆದರೆ ಸರ್ವರಿನಲ್ಲಿ ಮಾಡಿದ ಲೆಕ್ಕವೆಲ್ಲ ನೀರಿನಲ್ಲಿ ಹೋಮ. ಆದ್ದರಿಂದ `valid_until` ತಾರೀಖನ್ನೇ ಬರೆದು, ಸಂಪರ್ಕ ಸಿಕ್ಕಾಗಲೆಲ್ಲ ಸದ್ದಿಲ್ಲದೆ ಹೊಸ ಕಡತ ತರಿಸಿಕೊಳ್ಳುತ್ತಾರೆ. ನಮ್ಮ ಗ್ರಾಹಕರ ಕಡತದ ಮೇಲೆ ಇದ್ದದ್ದು ಮಾರ್ಚ್ 24. ಕಾರ್ಡ್ ಸೋತ ಎರಡು ದಿನವೂ ತಂತ್ರಾಂಶ ಎಂದಿನಂತೆ ತೆರೆಯಿತು. 12ರ ಸಂಜೆ ಕಡತದ ತಾರೀಖು ಏಪ್ರಿಲ್ 24 ಆಯಿತು. ತಡವಾಗಿ ಬಂದ ಸೋಲಿನ ಓಲೆಯೂ ಬಂತು, ಸ್ಟ್ರೈಪ್‌ನಲ್ಲಿ ಕೇಳಿತು, ಅದೇ ಏಪ್ರಿಲ್ 24ನ್ನು ಮತ್ತೊಮ್ಮೆ ಬರೆದು ಹೋಯಿತು.