ಆರು ಸೆಕೆಂಡಿಗೊಂದು ಕತ್ತರಿ

ಯಕ್ಷಗಾನದ ಆಟವೊಂದನ್ನು ಮೂರು ಗಂಟೆ ಚಿತ್ರೀಕರಿಸಿ ತಂದರೆ ಕ್ಯಾಮೆರಾದ ಕಾರ್ಡಿನಲ್ಲಿ ಸುಮಾರು 67 ಜಿಬಿಯ ಫೈಲ್ ಇರುತ್ತದೆ. ಸೆಕೆಂಡಿಗೆ 50 ಮೆಗಾಬಿಟ್ ಲೆಕ್ಕದಲ್ಲಿ ಚಿತ್ರೀಕರಿಸುವ ಸಾಮಾನ್ಯ ಎಚ್‌ಡಿ ಕ್ಯಾಮೆರಾದ ಮಾತು ಇದು. ಅದೇ ಆಟವನ್ನು ಮರುದಿನ ಕುಂದಾಪುರದ ಬಸ್ಸಿನಲ್ಲಿ ಕೂತವರು ಮೊಬೈಲಿನಲ್ಲಿ ನೋಡಬೇಕು. ಅವರ ಇಂಟರ್ನೆಟ್ ಒಮ್ಮೆ ಮೂರು ಮೆಗಾಬಿಟ್ ಬಂದರೆ, ರಸ್ತೆ ತಿರುಗಿದೊಡನೆ ಒಂದಕ್ಕಿಳಿಯುತ್ತದೆ. ಮಸ್ಕತ್‌ನಲ್ಲಿರುವ ಅವರ ತಮ್ಮ ಗೋಡೆಯ ದೊಡ್ಡ ಟಿವಿಯಲ್ಲಿ ನೋಡುತ್ತಾನೆ. ಇಬ್ಬರಿಗೂ ಆ 67 ಜಿಬಿಯನ್ನು ಇದ್ದ ಹಾಗೆ ಕೊಡಲಾಗದು.

ಉಡುಪಿಯ ಹತ್ತಿರ ಮೇಳಗಳ ಆಟಗಳನ್ನು ಚಿತ್ರೀಕರಿಸಿ ಕ್ಲೌಡಿಗೆ ಏರಿಸುವುದನ್ನೇ ಕಸುಬು ಮಾಡಿಕೊಂಡ ಸ್ನೇಹಿತರೊಬ್ಬರಿದ್ದಾರೆ. ವಿಡಿಯೊ ಕುಗ್ಗಿಸುವುದೇ ಈ ಕೆಲಸದ ದೊಡ್ಡ ವಿದ್ಯೆ ಎಂದು ನಾನು ತಿಳಿದಿದ್ದೆ. ಅವರು ನಕ್ಕರು. ‘ಕುಗ್ಗಿಸಲಿಕ್ಕೆ ಸಾಫ್ಟ್‌ವೇರ್ ಉಂಟು ಮಾರಾಯ್ರೆ. ಎಲ್ಲಿ ಕತ್ತರಿಸಬೇಕು ಅಂತ ಮಾತ್ರ ನಮಗೇ ಗೊತ್ತಿರಬೇಕು.’

ಕತ್ತರಿಸುವುದು ಅಪ್‌ಲೋಡ್‌ನಿಂದಲೇ ಶುರು. ಮನೆಯ ಇಂಟರ್ನೆಟ್ ಮೇಲ್ಮುಖವಾಗಿ 20 ಮೆಗಾಬಿಟ್ ಕೊಟ್ಟರೆ 67 ಜಿಬಿ ಹೋಗಲು ಏಳೂವರೆ ಗಂಟೆ ಬೇಕು. ನಡುವೆ ಕರೆಂಟ್ ಹೋದರೆ ಮೊದಲಿನಿಂದ ಶುರು ಮಾಡುವ ಹಾಗಾಗಬಾರದು. ಅದಕ್ಕೆಂದೇ ಫೈಲನ್ನು ತುಂಡು ಮಾಡಿ ಕಳಿಸುತ್ತಾರೆ. ಯಾವ ತುಂಡು ತಲುಪಲಿಲ್ಲವೋ ಅದನ್ನಷ್ಟೇ ಮತ್ತೆ ಕಳಿಸಿದರಾಯಿತು. ಅಮೆಜಾನ್‌ನ ಎಸ್3 ದಾಸ್ತಾನಿನಲ್ಲಿ ಇದಕ್ಕೆ ಎರಡು ಕಟ್ಟಳೆಗಳಿವೆ: ಕೊನೆಯದೊಂದನ್ನು ಬಿಟ್ಟು ಯಾವ ತುಂಡೂ 5 ಎಂಬಿಗಿಂತ ಚಿಕ್ಕದಿರಬಾರದು, ಒಂದು ಫೈಲಿಗೆ 10,000ಕ್ಕಿಂತ ಹೆಚ್ಚು ತುಂಡುಗಳಿರಬಾರದು.

ನಮ್ಮ ಸ್ನೇಹಿತರು ಮೊದಲು ತಾವೇ ಬರೆದ ಪ್ರೋಗ್ರಾಮಿನಲ್ಲಿ ತುಂಡಿನ ಅಳತೆಯನ್ನು 5 ಎಂಬಿಗೇ ಇಟ್ಟಿದ್ದರು. ಅರ್ಧ ಗಂಟೆಯ ತುಣುಕುಗಳೆಲ್ಲ ಸಲೀಸಾಗಿ ಹೋಗಿದ್ದವು. ಮೂರು ಗಂಟೆಯ ಆಟಕ್ಕೆ ಹೆಚ್ಚುಕಡಿಮೆ 13,000 ತುಂಡುಗಳು ಬೇಕಾದವು. ರಾತ್ರಿ ಅಪ್‌ಲೋಡ್‌ಗೆ ಇಟ್ಟು ಮಲಗಿದವರು ಬೆಳಿಗ್ಗೆ ಎದ್ದು ನೋಡಿದರೆ, ಆರು ಗಂಟೆ ಹೊತ್ತು ಓಡಿದ ಪ್ರೋಗ್ರಾಮು 10,001ನೆಯ ತುಂಡಿನಲ್ಲಿ ನಿಂತುಬಿಟ್ಟಿತ್ತು. ಸಾಲದ್ದಕ್ಕೆ, ಅರ್ಧಕ್ಕೆ ನಿಂತ ಅಪ್‌ಲೋಡಿನ ತುಂಡುಗಳು ಫೈಲುಗಳ ಪಟ್ಟಿಯಲ್ಲಿ ಕಾಣುವುದೇ ಇಲ್ಲ, ಆದರೆ ತಿಂಗಳ ಬಿಲ್ಲಿನಲ್ಲಿ ಕಾಣುತ್ತವೆ. ಈಗ ಅವರು 64 ಎಂಬಿಯ ತುಂಡು ಇಟ್ಟುಕೊಂಡಿದ್ದಾರೆ. ಸಾವಿರದ ಆಸುಪಾಸಿನಲ್ಲಿ ಮುಗಿಯುತ್ತದೆ. ಅಪೂರ್ಣ ಅಪ್‌ಲೋಡುಗಳು ಏಳು ದಿನಕ್ಕೆ ತಾವಾಗಿಯೇ ಅಳಿಸಿಹೋಗುವಂತೆ ದಾಸ್ತಾನಿಗೆ ಒಂದು ನಿಯಮವನ್ನೂ ಹಾಕಿದ್ದಾರೆ.

ಫೈಲ್ ಪೂರ್ತಿ ತಲುಪಿದೊಡನೆ ದಾಸ್ತಾನು ಒಂದು ಸೂಚನೆ ಹೊರಡಿಸುತ್ತದೆ, ಆ ಸೂಚನೆಗೆ ಟ್ರಾನ್ಸ್‌ಕೋಡಿಂಗ್ ಶುರುವಾಗುತ್ತದೆ. ಅಂದರೆ ಅದೇ ಆಟವನ್ನು ಬೇರೆ ಬೇರೆ ಅಳತೆಗಳಲ್ಲಿ ಹೊಸದಾಗಿ ಬರೆಯುವುದು. ಸ್ನೇಹಿತರು ನಾಲ್ಕು ಮೆಟ್ಟಿಲು ಇಟ್ಟುಕೊಂಡಿದ್ದಾರೆ: 240 ಸಾಲುಗಳ ಚಿತ್ರಕ್ಕೆ ಸೆಕೆಂಡಿಗೆ 300 ಕಿಲೋಬಿಟ್, 360ಕ್ಕೆ 700, 720ಕ್ಕೆ 2,500, 1080ಕ್ಕೆ 5,000. ಬಸ್ಸಿನಲ್ಲಿರುವವರ ಮೊಬೈಲು ಇಂಟರ್ನೆಟ್ಟಿನ ಬಲ ನೋಡಿಕೊಂಡು ಈ ಮೆಟ್ಟಿಲುಗಳಲ್ಲಿ ತಾನೇ ಹತ್ತಿ ಇಳಿಯುತ್ತದೆ.

ಹತ್ತುವುದು ಇಳಿಯುವುದು ಹೇಗೆ ಎಂಬುದರಲ್ಲೇ ಸ್ವಾರಸ್ಯವಿದೆ. ಒಂದು ಎಚ್‌ಡಿ ಚಿತ್ರ ಕುಗ್ಗಿಸದೆ ಇದ್ದರೆ ಸುಮಾರು 3 ಎಂಬಿ. ಸೆಕೆಂಡಿಗೆ 25 ಚಿತ್ರಗಳೆಂದರೆ 620 ಮೆಗಾಬಿಟ್ ದಾಟುತ್ತದೆ. ಅದನ್ನು ಐದಕ್ಕೆ ಇಳಿಸಬೇಕಾದರೆ ಎಲ್ಲ ಚಿತ್ರಗಳನ್ನೂ ಪೂರ್ತಿ ಬರೆಯಲಾಗದು. ಒಂದನ್ನು ಪೂರ್ತಿ ಬರೆದು, ಆಮೇಲಿನವುಗಳಲ್ಲಿ ಏನು ಬದಲಾಯಿತೋ ಅಷ್ಟನ್ನೇ ಬರೆಯುತ್ತಾರೆ. ರಂಗದ ಹಿಂದಿನ ಪರದೆ ಅಲುಗಾಡದಿದ್ದರೆ ಅದನ್ನು ಮತ್ತೆ ಬರೆಯುವ ಗೋಜಿಲ್ಲ. ಪೂರ್ತಿ ಬರೆದ ಆ ಚಿತ್ರಕ್ಕೆ ಕೀಫ್ರೇಮ್ ಎಂದು ಹೆಸರು. ನೋಡುವುದನ್ನು ಶುರು ಮಾಡಲಾಗುವುದು ಕೀಫ್ರೇಮಿನಿಂದ ಮಾತ್ರ. ನಡುವಿನ ಚಿತ್ರವೊಂದನ್ನು ಎತ್ತಿಕೊಂಡರೆ ಅದರಲ್ಲಿ ಇರುವುದು ಬರೀ ಬದಲಾವಣೆ, ಯಾವುದರಿಂದ ಬದಲಾವಣೆ ಎಂಬುದು ಇರುವುದಿಲ್ಲ.

ಆಟದಲ್ಲಿ ರಾತ್ರಿ ಕಳೆದಂತೆ ಭಾಗವತರು ಬದಲಾಗುತ್ತಾರಷ್ಟೆ. ಆದರೆ ಪದ್ಯದ ನಡುವೆ ಯಾರೂ ಜಾಗಟೆ ಕೈಗೆತ್ತಿಕೊಳ್ಳುವುದಿಲ್ಲ. ಪದ್ಯ ಮುಗಿದು ತಾಳ ನಿಂತಾಗಲೇ ಒಬ್ಬರೆದ್ದು ಇನ್ನೊಬ್ಬರು ಕೂರುವುದು. ವಿಡಿಯೊದಲ್ಲಿ ಮೆಟ್ಟಿಲು ಬದಲಿಸುವುದೂ ಹೀಗೆಯೇ. ಆಪಲ್ ಕಂಪನಿ 2009ರಲ್ಲಿ ಐಫೋನಿಗೆಂದು ತಂದ ಎಚ್‌ಎಲ್‌ಎಸ್ ಪದ್ಧತಿ ಇದನ್ನು ಬಹಳ ಸರಳವಾಗಿ ಬಗೆಹರಿಸಿತು. ಪ್ರತಿ ಮೆಟ್ಟಿಲಿನ ವಿಡಿಯೊವನ್ನೂ ಸಣ್ಣ ಸಣ್ಣ ಫೈಲುಗಳಾಗಿ ಕತ್ತರಿಸಿಡುವುದು, ಪ್ರತಿ ಫೈಲೂ ಕೀಫ್ರೇಮಿನಿಂದಲೇ ಶುರುವಾಗುವಂತೆ ನೋಡಿಕೊಳ್ಳುವುದು. ಆರು ಸೆಕೆಂಡಿಗೊಂದು ಫೈಲ್, ಎರಡು ಸೆಕೆಂಡಿಗೊಂದು ಕೀಫ್ರೇಮ್ ಇರಲಿ ಎಂದು ಆಪಲ್ ಈಗ ಶಿಫಾರಸು ಮಾಡುತ್ತದೆ. ಮೂರು ಗಂಟೆಯ ಆಟ ಹಾಗಾಗಿ ಒಂದು ಮೆಟ್ಟಿಲಿಗೆ 1,800 ಫೈಲುಗಳಾಗುತ್ತದೆ, ನಾಲ್ಕು ಮೆಟ್ಟಿಲಿಗೆ 7,200. ಯಾವುದು ಎಲ್ಲಿದೆ ಎಂದು ಹೇಳಲು ಒಂದು ಪಠ್ಯದ ಪಟ್ಟಿ, ಅದರ ಎರಡು ಮೆಟ್ಟಿಲು ಹೀಗೆ:

```
#EXTM3U
#EXT-X-STREAM-INF:BANDWIDTH=1000000,RESOLUTION=640x360
360p/index.m3u8
#EXT-X-STREAM-INF:BANDWIDTH=3200000,RESOLUTION=1280x720
720p/index.m3u8
```

ಮೊಬೈಲು ಈ ಪಟ್ಟಿ ಓದಿಕೊಂಡು ಒಂದೊಂದೇ ಫೈಲು ತರಿಸಿಕೊಳ್ಳುತ್ತದೆ. 41ನೆಯದು ಬರಲು ತಡವಾಯಿತೇ, 42ನೆಯದನ್ನು ಕೆಳಗಿನ ಮೆಟ್ಟಿಲಿನಿಂದ ಕೇಳುತ್ತದೆ. ಅದನ್ನು ಕೊಡುವ ಸರ್ವರಿಗೆ ಇದೇನೂ ಗೊತ್ತಾಗಬೇಕಿಲ್ಲ. ಕೇಳಿದ ಫೈಲ್ ಕೊಟ್ಟರೆ ಅದರ ಕೆಲಸ ಮುಗಿಯಿತು.

ಇದೆಲ್ಲ ನಡೆಯುವುದು ನಾಲ್ಕೂ ಮೆಟ್ಟಿಲುಗಳಲ್ಲಿ 42ನೆಯ ಫೈಲು ಒಂದೇ ಕ್ಷಣದಲ್ಲಿ ಶುರುವಾದರೆ ಮಾತ್ರ. ಸ್ನೇಹಿತರು ಹೇಳಿದ ಕತ್ತರಿಯ ವಿದ್ಯೆ ಇದೇ. ಒಂದು ಪ್ರಸಂಗವನ್ನು ಏರಿಸಿದ ಮೇಲೆ ಅವರಿಗೆ ವಿಚಿತ್ರ ದೂರು ಬರತೊಡಗಿತು: ಒಂದು ಗಂಟೆ ಕಳೆದ ಮೇಲೆ ಆಗಾಗ ಚೆಂಡೆಯ ಪೆಟ್ಟು ಎರಡೆರಡು ಸಲ ಕೇಳುತ್ತದೆ, ಕೆಲವೊಮ್ಮೆ ಚಿತ್ರ ಹಾರುತ್ತದೆ. ಮನೆಯ ವೈಫೈಯಲ್ಲಿ ನೋಡಿದರೆ ಏನೂ ತೊಂದರೆಯಿಲ್ಲ. ದೂರು ಕೊಟ್ಟವರೆಲ್ಲ ದಾರಿಯಲ್ಲಿ ನೋಡಿದವರೇ. ಇಂಟರ್ನೆಟ್ ಏರಿಳಿದಾಗ ಮಾತ್ರ ಕಾಣುವ ದೋಷವೆಂದರೆ ಅದು ಮೆಟ್ಟಿಲು ಬದಲಾಗುವಲ್ಲಿಯೇ ಇರಬೇಕು. ಅವರು ಪ್ರತಿ ಮೆಟ್ಟಿಲಿನ ಕೀಫ್ರೇಮುಗಳ ಸಮಯವನ್ನು ಪಟ್ಟಿ ಮಾಡಿಸಿದರು:

```
ffprobe -v error -select_streams v -skip_frame nokey \
  -show_entries frame=pts_time -of csv=p=0 720p.mp4
```

4,320ನೆಯ ಸೆಕೆಂಡಿನವರೆಗೆ ಎಲ್ಲ ಪಟ್ಟಿಗಳೂ ಒಂದೇ. ಆಮೇಲೆ 360ರ ಪಟ್ಟಿ 4,322 ಎಂದರೆ 720ರ ಪಟ್ಟಿ 4,321.24 ಎಂದಿತು. ಆ ಕ್ಷಣದಲ್ಲಿ ಆಟದಲ್ಲಿ ಏನಾಗಿತ್ತು ಎಂದು ತೆರೆದು ನೋಡಿದರೆ, ಒಡ್ಡೋಲಗದ ತೆರೆ ಸರಿದಿತ್ತು! ದೃಶ್ಯ ಪೂರ್ತಿ ಬದಲಾದಂತೆ ಕಂಡರೆ ಎನ್‌ಕೋಡರ್ ಸರದಿ ಕಾಯದೆ ತಾನೇ ಒಂದು ಕೀಫ್ರೇಮ್ ಹಾಕಿಬಿಡುತ್ತದೆ. ಪ್ರತಿ ಮೆಟ್ಟಿಲನ್ನೂ ಬೇರೆ ಬೇರೆಯಾಗಿ ಬರೆಯುವುದರಿಂದ 720ರ ಎನ್‌ಕೋಡರಿಗೆ ದೃಶ್ಯ ಬದಲಾಯಿತೆಂದು ಕಂಡಿತು, 360ರದಕ್ಕೆ ಕಾಣಲಿಲ್ಲ. ಮುಂದಿನ ಎಣಿಕೆ ಆ ಹೊಸ ಕೀಫ್ರೇಮಿನಿಂದಲೇ ಶುರುವಾಗುವುದರಿಂದ ಅಲ್ಲಿಂದಾಚೆಗಿನ ಪ್ರತಿ ಕತ್ತರಿಯೂ ಒಂದೂಕಾಲು ಸೆಕೆಂಡಿನಷ್ಟು ಸರಿದಿತ್ತು. ಮೇಲಿನಿಂದ ಕೆಳಗಿಳಿದವರಿಗೆ ಅಷ್ಟು ಹೊತ್ತಿನ ಆಟ ಮರುಕಳಿಸಿತು, ಮೇಲೆ ಹತ್ತಿದವರಿಗೆ ಅಷ್ಟು ಕಳೆದುಹೋಯಿತು. ಎಫ್‌ಎಫ್‌ಎಂಪೆಗ್ ಸಾಫ್ಟ್‌ವೇರಿನಲ್ಲಿ ಇದಕ್ಕೆ ಮದ್ದು ಒಂದೇ ಸಾಲು:

```
-r 25 -g 50 -keyint_min 50 -sc_threshold 0
```

ಐವತ್ತು ಚಿತ್ರಗಳಿಗೊಂದು ಕೀಫ್ರೇಮ್ ಹಾಕು, ಅದಕ್ಕೆ ಮೊದಲು ಬೇಡ, ದೃಶ್ಯ ಬದಲಾದರೂ ತಲೆ ಕೆಡಿಸಿಕೊಳ್ಳಬೇಡ ಎಂದು ಇದರ ಅರ್ಥ. ತೆರೆ ಸರಿದ ಗಳಿಗೆಯಲ್ಲಿ ಚಿತ್ರ ಕ್ಷಣಕಾಲ ಮಸುಕಾಗಬಹುದು. ಆ ಬೆಲೆ ತೆರಬೇಕಾದದ್ದೇ ಎಂದು ನನ್ನ ಅಭಿಪ್ರಾಯ.

ಮೂರು ಗಂಟೆಯ ಆಟವನ್ನು ಒಂದೇ ಯಂತ್ರ ನಾಲ್ಕು ಮೆಟ್ಟಿಲಿಗೆ ಬರೆಯುತ್ತ ಕೂತರೆ ಹೊತ್ತು ಹಿಡಿಯುತ್ತದೆ. ಕ್ಲೌಡಿನ ಅನುಕೂಲ ಕಾಣುವುದು ಇಲ್ಲಿ. ಮೂಲವನ್ನು ಒಂದೊಂದು ನಿಮಿಷದ 180 ಪಾಲು ಮಾಡಿ, ನಾಲ್ಕು ಮೆಟ್ಟಿಲಿಗೆ 720 ಕೆಲಸಗಳನ್ನು ಒಂದು ಸರದಿಯಲ್ಲಿ ನಿಲ್ಲಿಸಿ, ಹತ್ತಾರು ಬಾಡಿಗೆ ಯಂತ್ರಗಳಿಗೆ ಹಂಚುತ್ತಾರೆ. ಅಗ್ಗದ ಬಾಡಿಗೆಯ ಯಂತ್ರಗಳನ್ನು ಅಮೆಜಾನ್ ಎರಡು ನಿಮಿಷದ ಮುನ್ಸೂಚನೆ ಕೊಟ್ಟು ಹಿಂದಕ್ಕೆ ಪಡೆಯುವುದುಂಟು. ಪಡೆದರೂ ನಷ್ಟ ಒಂದು ನಿಮಿಷದ ಪಾಲು ಮಾತ್ರ. ಅದು ಮರಳಿ ಸರದಿಗೆ ಬಂದು ಇನ್ನೊಂದು ಯಂತ್ರದ ಕೈಗೆ ಹೋಗುತ್ತದೆ. ಅರವತ್ತನ್ನು ಆರು ಭಾಗಿಸುವುದರಿಂದ ಕತ್ತರಿಯ ಲೆಕ್ಕವೂ ಕೆಡುವುದಿಲ್ಲ.

ಧ್ವನಿಯನ್ನು ಮಾತ್ರ ಹೀಗೆ ಹಂಚಬಾರದು. ಸಾಮಾನ್ಯವಾಗಿ ಬಳಸುವ ಎಎಸಿ ಎನ್‌ಕೋಡರ್ ಪ್ರತಿ ಸಲ ಶುರು ಮಾಡುವಾಗಲೂ ಮೊದಲಿಗೆ ಒಂದು ಚೂರು ಮೌನ ಸೇರಿಸುತ್ತದೆ. ಸೆಕೆಂಡಿನ ಐವತ್ತನೇ ಒಂದು ಪಾಲಿನ ಆಸುಪಾಸಿನದು ಅದು. ಪಾಲುಗಳನ್ನು ಜೋಡಿಸಿದಾಗ ನಿಮಿಷಕ್ಕೊಮ್ಮೆ ‘ಟಿಕ್’ ಎನ್ನುತ್ತದೆ. ಮಾತಿನಲ್ಲಿ ಅದು ಮುಚ್ಚಿಹೋದೀತು, ಭಾಗವತರ ಎಳೆದ ಆಲಾಪದಲ್ಲಿ ಮುಚ್ಚುವುದಿಲ್ಲ. ಧ್ವನಿಯ ಕೆಲಸ ಹಗುರ. ಇಡಿಯಾಗಿ ಒಂದೇ ಯಂತ್ರಕ್ಕೆ ಕೊಡುವುದು ಕ್ಷೇಮ.

ಮೆಟ್ಟಿಲಿನ ಅಳತೆ ಎಲ್ಲಕ್ಕೂ ಒಂದೇ ಇರಬೇಕೇ? ತಾಳಮದ್ದಳೆಯಲ್ಲಿ ಎಲ್ಲರೂ ಕೂತು ಮಾತಾಡುತ್ತಾರೆ. 2,500 ಕಿಲೋಬಿಟ್ಟಿನ ಮೆಟ್ಟಿಲಿನಲ್ಲಿ ಅದು ಕನ್ನಡಿಯ ಹಾಗೆ ಕಾಣುತ್ತದೆ, ಅರ್ಧಕ್ಕಿಳಿಸಿದರೂ ಯಾರಿಗೂ ಗೊತ್ತಾಗದು. ಅದೇ ಮೆಟ್ಟಿಲಿನಲ್ಲಿ ತೆಂಕುತಿಟ್ಟಿನ ಪುಂಡುವೇಷ ಧಿಗಿಣ ಹಾಕಲು ಶುರು ಮಾಡಿದರೆ ಮಣಿಸರ, ಕಿರೀಟ, ಗೆಜ್ಜೆ ಎಲ್ಲವೂ ಕಲಸಿಕೊಂಡು ಚೌಕ ಚೌಕವಾಗಿ ಒಡೆಯುತ್ತವೆ, ಏಕೆಂದರೆ ಅಲ್ಲಿ ಪ್ರತಿ ಚಿತ್ರದಲ್ಲೂ ಎಲ್ಲವೂ ಬದಲಾಗಿರುತ್ತದೆ. ನೆಟ್‌ಫ್ಲಿಕ್ಸ್ 2015ರ ಕೊನೆಯಲ್ಲಿ ಒಂದೊಂದು ಸಿನಿಮಾಕ್ಕೂ ಬೇರೆ ಮೆಟ್ಟಿಲು ಕಟ್ಟುವ ಪದ್ಧತಿಯನ್ನು ಪ್ರಕಟಿಸಿದ್ದು ಇದೇ ಕಾರಣಕ್ಕೆ. ಸ್ನೇಹಿತರು ಅಷ್ಟು ದೂರ ಹೋಗಿಲ್ಲ. ತಾಳಮದ್ದಳೆಗೊಂದು, ಆಟಕ್ಕೊಂದು ಎಂದು ಎರಡು ಅಳತೆ ಇಟ್ಟುಕೊಂಡಿದ್ದಾರೆ.

ಇನ್ನು ಹಂಚಿಕೆ. ನಾಲ್ಕೂ ಮೆಟ್ಟಿಲು ಸೇರಿ ದಾಸ್ತಾನಿನಲ್ಲಿ ಹಿಡಿಯುವ ಜಾಗ 12 ಜಿಬಿಯೊಳಗೆ. ಒಬ್ಬರು 720ರಲ್ಲಿ ಪೂರ್ತಿ ನೋಡಿದರೆ ಮೂರೂವರೆ ಜಿಬಿ ಹೊರಗೆ ಹೋಗುತ್ತದೆ, ಸಾವಿರ ಮಂದಿ ನೋಡಿದರೆ ಮೂರೂವರೆ ಸಾವಿರ ಜಿಬಿ. ಖರ್ಚು ಎಲ್ಲಿದೆ ಎಂದು ಬೇರೆ ಹೇಳಬೇಕಿಲ್ಲ. ಅಷ್ಟೂ ಮಂದಿ ದಾಸ್ತಾನಿನ ಬಾಗಿಲಿಗೇ ಬರದಂತೆ, ಊರೂರಿನ ಹತ್ತಿರ ಪ್ರತಿಗಳನ್ನು ಇಟ್ಟುಕೊಂಡು ಕೊಡುವ ಸಿಡಿಎನ್ ಜಾಲ ನಡುವೆ ನಿಲ್ಲುತ್ತದೆ. ಮಸ್ಕತ್‌ನಲ್ಲಿ ಒಬ್ಬರು ನೋಡಿದ ಫೈಲು ಪಕ್ಕದ ಮನೆಯವರಿಗೆ ಅಲ್ಲಿಂದಲೇ ಸಿಗುತ್ತದೆ. ಇದರಲ್ಲೂ ಒಂದು ತೊಡಕಿದೆ. ಕತ್ತರಿ ಸರಿಪಡಿಸಿದ ಫೈಲುಗಳನ್ನು ಸ್ನೇಹಿತರು ಹಳೆಯ ಹೆಸರಿನಲ್ಲೇ ಏರಿಸಿದ್ದರು. ಸಿಡಿಎನ್ ತನ್ನಲ್ಲಿದ್ದ ಹಳೆಯದನ್ನು ಕೆಲವು, ದಾಸ್ತಾನಿನ ಹೊಸದನ್ನು ಕೆಲವು ಬೆರೆಸಿ ಕೊಡತೊಡಗಿತು. ದೂರು ಎರಡು ಪಟ್ಟಾಯಿತು. ಈಗ ಅವರು ಪ್ರತಿ ಸಲವೂ `v2`, `v3` ಎಂದು ಹೊಸ ಫೋಲ್ಡರಿನಲ್ಲೇ ಇಡುತ್ತಾರೆ, ಪಟ್ಟಿಯನ್ನಷ್ಟೇ ಅಲ್ಲಿಗೆ ತಿರುಗಿಸುತ್ತಾರೆ.

ನೇರಪ್ರಸಾರಕ್ಕೂ ಇವೇ ತುಂಡುಗಳು. ಆದರೆ ಪ್ಲೇಯರ್ ಸಾಮಾನ್ಯವಾಗಿ ಮೂರು ತುಂಡು ಹಿಂದೆ ಉಳಿಯುತ್ತದೆ. ಆರು ಮೂರಲೆ ಹದಿನೆಂಟು ಸೆಕೆಂಡ್. ಕ್ರಿಕೆಟ್ ನೋಡುವಾಗ ನಿಮ್ಮ ಮೊಬೈಲಿನಲ್ಲಿ ಬೌಲರ್ ಇನ್ನೂ ಓಡಿಬರುತ್ತಿರುವಾಗಲೇ, ಡಿಶ್ ಹಾಕಿಸಿಕೊಂಡ ಪಕ್ಕದ ಮನೆಯವರು ಕೂಗಿಕೊಳ್ಳುವುದು ಇದರಿಂದಲೇ.

ಆಟ, ಕೂಟಗಳನ್ನು ಚಿತ್ರೀಕರಿಸಿ ಇಟ್ಟುಕೊಂಡವರಲ್ಲಿ ಒಂದು ಮಾತು. ಎಲ್ಲ ಮೆಟ್ಟಿಲೂ ತಯಾರಾದ ಮೇಲೆ, ಜಾಗ ಉಳಿಸಲೆಂದು ಆ 67 ಜಿಬಿಯ ಮೂಲ ಫೈಲನ್ನು ಅಳಿಸಬೇಡಿ. ಇಂದಿನ ಮೆಟ್ಟಿಲುಗಳನ್ನು ಬರೆದಿರುವ ಎಚ್.264 ಬಂದದ್ದು 2003ರಲ್ಲಿ. ಅದಕ್ಕಿಂತ ಕಡಿಮೆ ಬಿಟ್ಟಿನಲ್ಲಿ ಬರೆಯುವ ಎವಿ1 ಬಂದು 2018ಕ್ಕೇ ಆಯಿತು. ಮತ್ತೆ ಹೊಸದಾಗಿ ಬರೆಯುವ ದಿನ ಬಂದಾಗ, ಒಮ್ಮೆ ಕುಗ್ಗಿಸಿದ ಫೈಲಿನಿಂದ ಗೆಜ್ಜೆಯ ಮಣಿಗಳನ್ನು ಹಿಂದಕ್ಕೆ ತರಲಾಗದು. ಎರಡು ಹಾರ್ಡ್‌ಡಿಸ್ಕುಗಳಲ್ಲಿ, ಎರಡು ಬೇರೆ ಮನೆಗಳಲ್ಲಿ ಇಡಿ.