ಎರಡು ಬಾಟಲಿ ಅಲುಗಾಡಿಸಿ ನೋಡುವುದೇಕೆ?

ಪ್ರಶ್ನೆ: ನಮ್ಮ ಆರೋಗ್ಯ ಕೇಂದ್ರದಲ್ಲಿ ಸಿಸ್ಟರ್ ಎರಡು ಲಸಿಕೆ ಬಾಟಲಿ ಅಲುಗಾಡಿಸಿ, ಮೇಜಿನ ಮೇಲಿಟ್ಟು ನೋಡುತ್ತಿದ್ದರು. ಏನದು?
– ಓದುಗರು, ಭಂಡಾರಕವಠೆ

ಉತ್ತರ: ಲಸಿಕೆ ಹೆಪ್ಪುಗಟ್ಟಿ ಕೆಟ್ಟಿದೆಯೇ ಎಂದು ತಿಳಿಯುವ ಪರೀಕ್ಷೆ ಅದು. ಸೋಲಾಪುರದ ಬಿಸಿಲಿನಲ್ಲಿ ಎಲ್ಲರಿಗೂ ಶಾಖದ್ದೇ ಚಿಂತೆ. ಆದರೆ ಪೆಂಟಾವೇಲೆಂಟ್, ಹೆಪಟೈಟಿಸ್-ಬಿ, ಟಿಡಿ ಲಸಿಕೆಗಳಿಗೆ ಅತಿ ತಂಪೇ ಹೆಚ್ಚು ಅಪಾಯ. ಅವುಗಳಲ್ಲಿರುವ ಅಲ್ಯೂಮಿನಿಯಂ ಲವಣದ ಕಣಗಳು ಹೆಪ್ಪುಗಟ್ಟಿದರೆ ಗಂಟುಕಟ್ಟುತ್ತವೆ. ಕರಗಿದ ಮೇಲೂ ಬಿಡಿಯಾಗುವುದಿಲ್ಲ, ಲಸಿಕೆಯ ಶಕ್ತಿ ಕುಂದುತ್ತದೆ. ಬಾಟಲಿಯ ಮೇಲಿನ ಬಣ್ಣದ ಗುರುತು ಶಾಖವನ್ನಷ್ಟೇ ಹೇಳುತ್ತದೆ, ಹೆಪ್ಪನ್ನಲ್ಲ.

ಲಸಿಕೆ ಇಡುವ ಐಎಲ್‌ಆರ್ ಪೆಟ್ಟಿಗೆಯ ಉಷ್ಣತೆ 2ರಿಂದ 8 ಡಿಗ್ರಿ ಇರಬೇಕು. ದಿನಕ್ಕೆರಡು ಸಲ ಬರೆದಿಡುತ್ತಾರೆ. ತಳದಲ್ಲೇ ತಂಪು ಹೆಚ್ಚು, ಹಾಗಾಗಿ ಈ ಲಸಿಕೆಗಳು ಮೇಲಿನ ಬುಟ್ಟಿಯಲ್ಲಿರಬೇಕು. ಬೆಳಿಗ್ಗೆ ಸೊನ್ನೆಗಿಂತ ಕೆಳಗೆ ಕಂಡರೆ ಅನುಮಾನ ಶುರು.

ಆಗ ಅದೇ ಕಂಪನಿಯ, ಅದೇ ಬ್ಯಾಚಿನ ಒಂದು ಬಾಟಲಿಯನ್ನು ಬೇಕೆಂದೇ ರಾತ್ರಿಯಿಡೀ ಹೆಪ್ಪುಗಟ್ಟಿಸಿ, ಕರಗಿಸುತ್ತಾರೆ. ಅದಕ್ಕೆ ಗುರುತು ಹಾಕಿ, ಅನುಮಾನದ ಬಾಟಲಿಯ ಜೊತೆ 10–15 ಸೆಕೆಂಡು ಅಲುಗಾಡಿಸಿ, ಸಮತಟ್ಟಾದ ಮೇಜಿನ ಮೇಲಿಟ್ಟು ಅರ್ಧ ಗಂಟೆಯವರೆಗೆ ಬೆಳಕಿನಲ್ಲಿ ನೋಡುತ್ತಾರೆ. ಹೆಪ್ಪುಗಟ್ಟಿಸಿದ್ದರಲ್ಲಿ ಗಸಿ ಬೇಗ ತಳಕ್ಕಿಳಿದು ಮೇಲೆ ತಿಳಿನೀರು ಉಳಿಯುತ್ತದೆ. ಇನ್ನೊಂದರಲ್ಲೂ ಅಷ್ಟೇ ಬೇಗ ಇಳಿದರೆ ಆ ಲಸಿಕೆ ಬಳಸುವಂತಿಲ್ಲ. ನಿಧಾನವಾಗಿ ಇಳಿದರೆ ಬಳಸಬಹುದು. ಗಟ್ಟಿ ಹೆಪ್ಪಾಗಿಯೇ ಸಿಕ್ಕ ಬಾಟಲಿಗೆ ಈ ಪರೀಕ್ಷೆಯೂ ಬೇಡ, ನೇರವಾಗಿ ತೆಗೆದಿಡಬೇಕು. ದಡಾರದ ಲಸಿಕೆಗೆ ಮತ್ತು ಪೋಲಿಯೋ ಹನಿಗಳಿಗೆ ಇದು ಅನ್ವಯಿಸುವುದಿಲ್ಲ.