ಮುಖಕ್ಕೆ ಕೈ ಅಡ್ಡ ಬಂದಾಗ

ಸಾಹಸ ದೃಶ್ಯದಲ್ಲಿ ಡ್ಯೂಪ್‌ನ ಮುಖದ ಮೇಲೆ ನಾಯಕನ ಮುಖ ಕೂರಿಸುವುದನ್ನು ಕಂಪ್ಯೂಟರ್ ಬಹುಮಟ್ಟಿಗೆ ತಾನೇ ಮಾಡುತ್ತದೆ, ಕಣ್ಣು, ಮೂಗು, ಬಾಯಿಯ ಗುರುತು ಸಿಗುವ ತನಕ. ಡ್ಯೂಪ್ ಕೈಯೆತ್ತಿ ಮುಖದ ಬೆವರು ಒರೆಸಿಕೊಂಡನೋ, ಗುರುತು ತಪ್ಪಿತು. ಹೊಸ ಮುಖ ಬೆರಳುಗಳ ಮೇಲೆಯೇ ಮೆತ್ತಿಕೊಳ್ಳುತ್ತದೆ.

ಆಗ ರೋಟೋ ಕಲಾವಿದರೇ ಕೂರಬೇಕು. ಅರ್ಧ ಸೆಕೆಂಡ್ ಕೈ ಅಡ್ಡ ಬಂದರೆ 12 ಫ್ರೇಮ್. ಮೊದಲು ಆ ಫ್ರೇಮ್‌ಗಳಲ್ಲಿ ಮುಖದ ಜಾಗವನ್ನು ಕೈಯಾರೆ ಹೊಂದಿಸಬೇಕು. ಆಮೇಲೆ ಕೈಯ ಸುತ್ತ ಗೆರೆ. ಇಡೀ ಕೈಗೆ ಒಂದೇ ಗೆರೆ ಎಳೆದರೆ ಬೆರಳು ಮಡಚಿದ ಕೂಡಲೇ ಕೆಡುತ್ತದೆ; ಅಂಗೈಗೊಂದು, ಬೆರಳಿಗೊಂದು ಬೇರೆ ಆಕಾರವೇ ಬೇಕು. ಬೀಸಿದ ಕೈಯ ಅಂಚು ಮಸುಕಾಗಿದ್ದರೆ ಮಾಸ್ಕ್‌ನ ಅಂಚೂ ಅಷ್ಟೇ ಮಸುಕಾಗಬೇಕು, ಇಲ್ಲವೆಂದರೆ ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತದೆ. ನಿಂತ ಫ್ರೇಮಿನಲ್ಲಿ ಎಲ್ಲವೂ ಸರಿಯೆನಿಸುವುದುಂಟು. ಓಡಿಸಿ ನೋಡಿದಾಗಲೇ ಅಂಚು ನಡುಗುವುದು ಕಣ್ಣಿಗೆ ಬೀಳುವುದು.